ಪಿಸಿಒಎಸ್: ಮೆಟ್‌ಫಾರ್ಮಿನ್, ಇನೋಸಿಟಾಲ್, ಲೆಟ್ರೊಜೋಲ್ – ಯಾವುದು ಯಾವುದಕ್ಕೆ?

ಪ್ರಶ್ನೆ: ನನಗೆ 29 ವರ್ಷ. ಎತ್ತರ 158 ಸೆಂ.ಮೀ., ತೂಕ 68 ಕೆ.ಜಿ. ಪಿಸಿಒಎಸ್ ಇದೆ, ಮುಟ್ಟು 50ರಿಂದ 70 ದಿನಕ್ಕೊಮ್ಮೆ ಬರುತ್ತದೆ. ಒಂದೂಕಾಲು ವರ್ಷದಿಂದ ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಮೊದಲು ತೋರಿಸಿದ ವೈದ್ಯರು ಮೆಟ್‌ಫಾರ್ಮಿನ್ ಕೊಟ್ಟರು, ಹೊಟ್ಟೆ ಕೆಟ್ಟಿದ್ದರಿಂದ ಹತ್ತೇ ದಿನಕ್ಕೆ ಬಿಟ್ಟೆ. ಎರಡನೆಯವರು ಇನೋಸಿಟಾಲ್ ಪುಡಿ ಕೊಟ್ಟರು, ಐದು ತಿಂಗಳಿಂದ ಕುಡಿಯುತ್ತಿದ್ದೇನೆ. ಈಗ ಮೂರನೆಯವರು ಲೆಟ್ರೊಜೋಲ್ ಬರೆದಿದ್ದಾರೆ, ಅದು ಸ್ತನ ಕ್ಯಾನ್ಸರ್ ಮಾತ್ರೆ ಎಂದು ಓದಿ ಹೆದರಿಕೆಯಾಗಿದೆ. ಗ್ಲೂಕೋಸ್ ಪರೀಕ್ಷೆಯಲ್ಲಿ ಬರಿಹೊಟ್ಟೆಯಲ್ಲಿ 97, ಎರಡು ಗಂಟೆಯ ನಂತರ 156 ಬಂದಿದೆ. ನನ್ನ ಗಂಡನಿಗೆ ಇನ್ನೂ ಯಾವ ಪರೀಕ್ಷೆಯೂ ಆಗಿಲ್ಲ. ಮೂರರಲ್ಲಿ ಯಾವುದು ಸರಿ?

ಉತ್ತರ: ಈ ಮೂರು ಒಂದೇ ಕೆಲಸಕ್ಕೆ ಇರುವ ಮೂರು ಆಯ್ಕೆಗಳಲ್ಲ. ಲೆಟ್ರೊಜೋಲ್ ಎಂಬುದು ಅಂಡಾಣು ಬೆಳೆದು ಹೊರಬರುವಂತೆ ಮಾಡಲು ಪ್ರತಿ ಚಕ್ರದಲ್ಲಿ ಐದು ದಿನ ಮಾತ್ರ ನುಂಗುವ ಮಾತ್ರೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಸಕ್ಕರೆ ಮತ್ತು ಇನ್ಸುಲಿನ್ನಿನ ತೊಂದರೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಪ್ರತಿದಿನ ತೆಗೆದುಕೊಳ್ಳುವ ಔಷಧ. ಇನೋಸಿಟಾಲ್ ಔಷಧಕ್ಕಿಂತ ಹೆಚ್ಚಾಗಿ ಒಂದು ಪೂರಕ ಪದಾರ್ಥ; ಅದರಿಂದ ಹಾನಿ ಕಡಿಮೆ, ಆದರೆ ಖಚಿತವಾದ ಫಲವೂ ಕಡಿಮೆ. ನೀವು ಬರೆದಿರುವ ವಿವರಗಳನ್ನು ನೋಡಿದರೆ ನನ್ನ ಅಭಿಪ್ರಾಯ ಹೀಗಿದೆ: ಮಗು ಬೇಕೆಂಬ ಉದ್ದೇಶಕ್ಕೆ ಮೂರನೆಯ ವೈದ್ಯರು ಬರೆದ ಲೆಟ್ರೊಜೋಲ್ ಸರಿಯಾದ ಔಷಧ, 156 ಎಂಬ ಅಂಕಿಯ ಕಾರಣಕ್ಕೆ ಮೆಟ್‌ಫಾರ್ಮಿನ್ನನ್ನು ಸರಿಯಾದ ಕ್ರಮದಲ್ಲಿ ಮತ್ತೆ ಶುರು ಮಾಡುವುದು ಒಳ್ಳೆಯದು, ಇನೋಸಿಟಾಲ್ ಪುಡಿಯನ್ನು ನಿಲ್ಲಿಸಿದರೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಆದರೆ ಲೆಟ್ರೊಜೋಲಿನ ಮೊದಲ ಮಾತ್ರೆ ನುಂಗುವ ಮುನ್ನ ನಿಮ್ಮ ಪತಿಯ ವೀರ್ಯ ಪರೀಕ್ಷೆ ಆಗಲೇಬೇಕು. ಆ ವರದಿಯಲ್ಲಿ ದೊಡ್ಡ ದೋಷವಿದ್ದರೆ ನಿಮ್ಮ ಅಂಡಾಶಯವನ್ನು ಎಷ್ಟು ತಿಂಗಳು ಪ್ರಚೋದಿಸಿದರೂ ಗರ್ಭ ನಿಲ್ಲುವುದಿಲ್ಲ. ಹೆಂಡತಿಗೆ ಆರು ತಿಂಗಳು ಚಿಕಿತ್ಸೆ ನಡೆದ ಮೇಲೆ ಗಂಡನ ಪರೀಕ್ಷೆ ನೆನಪಾಗುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ, ಮತ್ತು ಅದರಿಂದ ಹೆಣ್ಣುಮಕ್ಕಳಿಗೆ ಆಗುವ ಅನ್ಯಾಯವನ್ನು ನಾನು ಸಣ್ಣದೆಂದು ಭಾವಿಸುವುದಿಲ್ಲ.

ಔಷಧಗಳು ಎಲ್ಲಿ ಕೆಲಸ ಮಾಡುತ್ತವೆ ಎಂಬುದನ್ನು ತಿಳಿಯಲು ತೊಂದರೆ ಎಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಆರೋಗ್ಯವಂತ ಚಕ್ರದಲ್ಲಿ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ, ಅದರ ಪ್ರಭಾವದಿಂದ ಅಂಡಾಶಯದಲ್ಲಿ ಅಂಡಾಣುವನ್ನು ಹೊತ್ತಿರುವ ಸಣ್ಣ ಚೀಲಗಳಾದ ಫಾಲಿಕಲ್‌ಗಳಲ್ಲಿ ಒಂದು ಉಳಿದವನ್ನು ಹಿಂದಿಕ್ಕಿ ಬೆಳೆದು, ಒಡೆದು, ಅಂಡಾಣುವನ್ನು ಬಿಡುಗಡೆ ಮಾಡುತ್ತದೆ. ಪಿಸಿಒಎಸ್ ಇರುವವರಲ್ಲಿ ಅನೇಕ ಫಾಲಿಕಲ್‌ಗಳು ಅರ್ಧ ದಾರಿಯವರೆಗೆ ಬೆಳೆದು ಅಲ್ಲಿಯೇ ನಿಂತುಬಿಡುತ್ತವೆ. ಸ್ಕ್ಯಾನಿಂಗ್‌ನಲ್ಲಿ ನೀರುಗುಳ್ಳೆಗಳಂತೆ ಕಾಣುವುದು ಹೀಗೆ ನಿಂತುಹೋದ ಫಾಲಿಕಲ್‌ಗಳೇ ಹೊರತು ತೆಗೆದುಹಾಕಬೇಕಾದ ಗಡ್ಡೆಗಳಲ್ಲ. ಈ ತಡೆಗೆ ಒಂದು ಕಾರಣ ಅಂಡಾಶಯದಲ್ಲಿ ಪುರುಷ ಹಾರ್ಮೋನು ಹೆಚ್ಚಾಗಿ ತಯಾರಾಗುವುದು, ಮತ್ತು ಅದನ್ನು ಹೆಚ್ಚಿಸುವ ಮುಖ್ಯ ಶಕ್ತಿಗಳಲ್ಲಿ ಒಂದು ಇನ್ಸುಲಿನ್. ದೇಹದ ಸ್ನಾಯು ಮತ್ತು ಯಕೃತ್ತು ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿಯು ಅದನ್ನು ಇನ್ನೂ ಹೆಚ್ಚು ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಕೆರಳಿಸುತ್ತದೆ, ಜೊತೆಗೆ ರಕ್ತದಲ್ಲಿ ಪುರುಷ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನನ್ನು ಯಕೃತ್ತು ತಯಾರಿಸುವುದನ್ನೂ ಕುಗ್ಗಿಸುತ್ತದೆ. ಮೆಟ್‌ಫಾರ್ಮಿನ್ ಮತ್ತು ಇನೋಸಿಟಾಲ್ ಎರಡೂ ಈ ಇನ್ಸುಲಿನ್ ಕಡೆಯಿಂದ ಬರುವ ಪ್ರಯತ್ನಗಳು. ಲೆಟ್ರೊಜೋಲ್ ಅದನ್ನು ಮುಟ್ಟುವುದಿಲ್ಲ. ಅದು ನೇರವಾಗಿ ಎಫ್‌ಎಸ್‌ಎಚ್ ಕಡೆಯಿಂದ ಬರುತ್ತದೆ.

ನಿಮ್ಮ ಹೆದರಿಕೆ ಲೆಟ್ರೊಜೋಲ್ ಬಗ್ಗೆ ಇರುವುದರಿಂದ ಅದನ್ನೇ ಮೊದಲು ವಿವರಿಸುತ್ತೇನೆ. ನಮ್ಮ ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವುದು ಪುರುಷ ಹಾರ್ಮೋನಿನಿಂದಲೇ. ಅದನ್ನು ಮಾರ್ಪಡಿಸುವ ಕಿಣ್ವದ ಹೆಸರು ಅರೋಮಟೇಸ್. ಲೆಟ್ರೊಜೋಲ್ ಈ ಕಿಣ್ವವನ್ನು ತಡೆಯುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ, ಈಸ್ಟ್ರೋಜನ್ ಆಧರಿಸಿ ಬೆಳೆಯುವ ಸ್ತನ ಕ್ಯಾನ್ಸರಿಗೆ ಇದನ್ನು ವರ್ಷಗಟ್ಟಲೆ ಪ್ರತಿದಿನ ಕೊಟ್ಟು ಆ ಹಾರ್ಮೋನನ್ನು ಬಹುತೇಕ ಇಲ್ಲದಂತೆ ಮಾಡುತ್ತಾರೆ. ನಿಮಗೆ ಅದೇ ಮಾತ್ರೆಯನ್ನು ಐದು ದಿನ ಮಾತ್ರ ಕೊಡುವುದರ ಉದ್ದೇಶ ಬೇರೆ. ಆ ಐದು ದಿನಗಳಲ್ಲಿ ಈಸ್ಟ್ರೋಜನ್ ಇಳಿಯುವುದನ್ನು ಪಿಟ್ಯುಟರಿ ಗಮನಿಸಿ ಎಫ್‌ಎಸ್‌ಎಚ್ ಪ್ರಮಾಣವನ್ನು ಏರಿಸುತ್ತದೆ, ನಿಂತುಹೋಗಿದ್ದ ಫಾಲಿಕಲ್ ಮುಂದೆ ಬೆಳೆಯಲು ಶುರು ಮಾಡುತ್ತದೆ. ಮಾತ್ರೆಯ ಅರ್ಧಾಯುಷ್ಯ ಸುಮಾರು ಎರಡು ದಿನ ಮಾತ್ರ ಆದ್ದರಿಂದ ನಿಲ್ಲಿಸಿದ ಮೇಲೆ ಅದು ಬೇಗ ದೇಹದಿಂದ ಹೊರಹೋಗುತ್ತದೆ. ಬೆಳೆಯುತ್ತಿರುವ ಫಾಲಿಕಲ್ ತಾನೇ ಈಸ್ಟ್ರೋಜನ್ ತಯಾರಿಸತೊಡಗುತ್ತದೆ, ಪಿಟ್ಯುಟರಿ ಮತ್ತೆ ಎಫ್‌ಎಸ್‌ಎಚ್ ಇಳಿಸುತ್ತದೆ, ಸಾಮಾನ್ಯವಾಗಿ ಒಂದೇ ಫಾಲಿಕಲ್ ಕೊನೆಯವರೆಗೆ ಉಳಿಯುತ್ತದೆ. ಹಿಂದೆ ಹೆಚ್ಚಾಗಿ ಬಳಸುತ್ತಿದ್ದ ಕ್ಲೋಮಿಫೀನ್ ಈಸ್ಟ್ರೋಜನ್ನನ್ನು ಇಳಿಸುವುದಿಲ್ಲ, ಅದರ ಗ್ರಾಹಕಗಳನ್ನು ಮುಚ್ಚುತ್ತದೆ, ಮತ್ತು ದೇಹದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಅದರಿಂದ ಕೆಲವರಲ್ಲಿ ಗರ್ಭಕೋಶದ ಒಳಪದರ ತೆಳ್ಳಗಾಗುತ್ತದೆ.

ಈ ಎರಡನ್ನೂ ನೇರವಾಗಿ ಹೋಲಿಸಿದ ದೊಡ್ಡ ಅಧ್ಯಯನವೊಂದು ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾಯಿತು. ಪಿಸಿಒಎಸ್ ಇರುವ 750 ಮಹಿಳೆಯರಿಗೆ ಗರಿಷ್ಠ ಐದು ಚಕ್ರಗಳ ಚಿಕಿತ್ಸೆ ಕೊಟ್ಟಾಗ ಲೆಟ್ರೊಜೋಲ್ ಪಡೆದವರಲ್ಲಿ ಶೇ 27.5 ಮಂದಿಗೆ, ಕ್ಲೋಮಿಫೀನ್ ಪಡೆದವರಲ್ಲಿ ಶೇ 19.1 ಮಂದಿಗೆ ಮಗು ಹುಟ್ಟಿತು. ಅಂದಿನಿಂದ ಅಂಡೋತ್ಪತ್ತಿ ಆಗದ ಪಿಸಿಒಎಸ್ ಮಹಿಳೆಯರಿಗೆ ಲೆಟ್ರೊಜೋಲ್ ಮೊದಲ ಆಯ್ಕೆಯಾಗಿದೆ. 2023ರ ಅಂತರರಾಷ್ಟ್ರೀಯ ಪಿಸಿಒಎಸ್ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಆದರೆ ಆ ಶೇ 27.5 ಎಂಬ ಅಂಕಿಯನ್ನು ಇನ್ನೊಂದು ಬದಿಯಿಂದಲೂ ಓದಬೇಕು. ಐದು ತಿಂಗಳ ಕೊನೆಗೆ ಹತ್ತರಲ್ಲಿ ಏಳು ಮಂದಿಗೆ ಈ ಮಾತ್ರೆಯೊಂದರಿಂದ ಮಗುವಾಗಿರಲಿಲ್ಲ. ಮೊದಲ ತಿಂಗಳು ಫಲ ಸಿಗದಿದ್ದರೆ ಚಿಕಿತ್ಸೆ ಸೋತಿತೆಂದು ವೈದ್ಯರನ್ನು ಬದಲಾಯಿಸುವುದು ಎಷ್ಟು ಅವಸರದ ಹೆಜ್ಜೆ ಎಂಬುದು ಇದರಿಂದ ತಿಳಿಯುತ್ತದೆ.

ಮಗುವಿಗೆ ಅಂಗವೈಕಲ್ಯ ಬರಬಹುದೆಂಬ ಭಯಕ್ಕೆ ಒಂದು ಚರಿತ್ರೆಯಿದೆ. 2005ರಲ್ಲಿ ಕೆನಡಾದ ವೈದ್ಯರು ಸಮ್ಮೇಳನವೊಂದರಲ್ಲಿ, ಲೆಟ್ರೊಜೋಲ್ ನಂತರ ಹುಟ್ಟಿದ ಸುಮಾರು 150 ಮಕ್ಕಳಲ್ಲಿ ಕೆಲವು ದೋಷಗಳು ಹೆಚ್ಚೆಂದು ಹೇಳಿದರು. ಆದರೆ ಅವರು ಹೋಲಿಸಿದ್ದು ತೊಂದರೆಯಿಲ್ಲದೆ ಗರ್ಭ ಧರಿಸಿದ, ಅಪಾಯ ಕಡಿಮೆಯಿರುವ ಬೇರೆ ತಾಯಂದಿರ ಮಕ್ಕಳೊಂದಿಗೆ. ಮರುವರ್ಷವೇ ಕೆನಡಾದಲ್ಲಿ ಚಿಕಿತ್ಸೆ ಪಡೆದು ಹುಟ್ಟಿದ 911 ಮಕ್ಕಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ದೋಷಗಳು ಲೆಟ್ರೊಜೋಲ್ ಗುಂಪಿನಲ್ಲಿ ಶೇ 2.4, ಕ್ಲೋಮಿಫೀನ್ ಗುಂಪಿನಲ್ಲಿ ಶೇ 4.8 ಕಂಡವು, ಅಂದರೆ ಲೆಟ್ರೊಜೋಲಿನಿಂದ ಹೆಚ್ಚಾದದ್ದು ಏನೂ ಇರಲಿಲ್ಲ. ಭಾರತದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಈ ಉದ್ದೇಶಕ್ಕೆ ಲೆಟ್ರೊಜೋಲ್ ಬಳಕೆಯನ್ನು 2011ರಲ್ಲಿ ನಿಲ್ಲಿಸಿತ್ತು, 2017ರಲ್ಲಿ ಆ ನಿಷೇಧ ತೆರವಾಯಿತು. ನೀವು ಓದಿದ ಹಳೆಯ ಬರಹಗಳಲ್ಲಿ ನಿಷೇಧದ ಮಾತು ಮಾತ್ರ ಉಳಿದಿರುವ ಸಾಧ್ಯತೆ ಹೆಚ್ಚು. ಆದರೂ ಒಂದು ನಿಯಮ ಅಷ್ಟೇ ಕಟ್ಟುನಿಟ್ಟು: ಗರ್ಭಿಣಿಯಾಗಿರುವಾಗ ಈ ಮಾತ್ರೆಯನ್ನು ನುಂಗಬಾರದು. ನಿಮ್ಮಂತೆ ಮುಟ್ಟು ಎರಡು ತಿಂಗಳಿಗೊಮ್ಮೆ ಬರುವವರಲ್ಲಿ ಮುಟ್ಟು ತಡವಾದದ್ದು ಗರ್ಭದಿಂದಲೋ ಪಿಸಿಒಎಸ್‌ನಿಂದಲೋ ಎಂದು ಊಹಿಸಲು ಬರುವುದಿಲ್ಲ, ಆದ್ದರಿಂದ ಪ್ರತಿ ಚಕ್ರದಲ್ಲಿಯೂ ಮಾತ್ರೆಗೆ ಮುನ್ನ ಗರ್ಭ ಪರೀಕ್ಷೆ ಮಾಡಿಕೊಳ್ಳಬೇಕು.

ಈಗ ಚಿಕಿತ್ಸೆ ನಿಮ್ಮಲ್ಲಿ ಹೇಗೆ ಸಾಗಬಹುದೆಂಬುದನ್ನು ಒಂದು ಉದಾಹರಣೆಯಾಗಿ ಹೇಳುತ್ತೇನೆ. ಶುರು ಮಾಡುವ ಮುನ್ನ ಪತಿಯ ವೀರ್ಯ ಪರೀಕ್ಷೆ, ನಿಮ್ಮ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆ ಆಗಿರಲಿ. ಕೊನೆಯ ಎರಡರಲ್ಲಿ ಏರುಪೇರಿದ್ದರೆ ಅದೇ ಮುಟ್ಟು ತಪ್ಪಲು ಕಾರಣವಾಗಿರಬಹುದು, ಅದಕ್ಕೆ ಚಿಕಿತ್ಸೆ ಬೇರೆ. ಗರ್ಭನಾಳಗಳು ತೆರೆದಿವೆಯೇ ಎಂದು ನೋಡುವ ಎಕ್ಸ್‌ರೇ ಪರೀಕ್ಷೆಯನ್ನು ಈಗಲೇ ಮಾಡಬೇಕೇ, ಕೆಲವು ಚಕ್ರಗಳ ನಂತರ ಮಾಡಬೇಕೇ ಎಂಬುದು ನಿಮ್ಮ ಹಿಂದಿನ ಸೋಂಕು, ಶಸ್ತ್ರಚಿಕಿತ್ಸೆ, ಕ್ಷಯ ಮುಂತಾದ ಚರಿತ್ರೆಯನ್ನು ನೋಡಿ ವೈದ್ಯರು ತೀರ್ಮಾನಿಸುವ ವಿಷಯ. ಫೋಲಿಕ್ ಆಮ್ಲವನ್ನು ಇಂದಿನಿಂದಲೇ ಶುರು ಮಾಡಿ.

ಮುಟ್ಟು ಶುರುವಾದ ದಿನವನ್ನು ಒಂದನೆಯ ದಿನವೆಂದು ಎಣಿಸೋಣ. ಮೂರನೆಯ ದಿನದಿಂದ ಏಳನೆಯ ದಿನದವರೆಗೆ ದಿನಕ್ಕೆ 2.5 ಮಿಲಿಗ್ರಾಂ ಮಾತ್ರೆ ಒಂದು, ಪ್ರತಿದಿನ ಒಂದೇ ಹೊತ್ತಿಗೆ. ಕೆಲವು ವೈದ್ಯರು ಎರಡನೆಯ ದಿನದಿಂದ ಶುರು ಮಾಡುತ್ತಾರೆ, ಅದೂ ಸರಿಯೇ. ಈ ದಿನಗಳಲ್ಲಿ ಆಯಾಸ, ತಲೆಸುತ್ತು, ತಲೆನೋವು ಕೆಲವರಿಗೆ ಬರುತ್ತವೆ. ಹನ್ನೆರಡನೆಯ ದಿನದ ಸುಮಾರಿಗೆ ಸ್ಕ್ಯಾನಿಂಗ್ ಮಾಡಿದಾಗ ಎಲ್ಲ ಫಾಲಿಕಲ್‌ಗಳೂ 8–9 ಮಿಲಿಮೀಟರಿನಲ್ಲೇ ಇವೆ, ಹದಿನಾರನೆಯ ದಿನವೂ ಹಾಗೆಯೇ ಇವೆ ಎಂದುಕೊಳ್ಳಿ. ಇದರರ್ಥ ಈ ಪ್ರಮಾಣ ನಿಮಗೆ ಸಾಲದು ಎಂದಷ್ಟೇ. ಗರ್ಭ ಪರೀಕ್ಷೆ ಋಣಾತ್ಮಕವಾಗಿದ್ದರೆ ಮುಂದಿನ ಬಾರಿ ಐದು ದಿನವೂ 5 ಮಿಲಿಗ್ರಾಂ ಕೊಡುತ್ತಾರೆ. ಮುಟ್ಟು ತಾನಾಗಿ ಬರದಿದ್ದರೆ ಪ್ರೊಜೆಸ್ಟಿನ್ ಮಾತ್ರೆ ಕೊಟ್ಟು ಬರಿಸುತ್ತಾರೆ, ಕೆಲವೊಮ್ಮೆ ಮುಟ್ಟಿಗೆ ಕಾಯದೆಯೇ ಹೆಚ್ಚಿಸಿದ ಪ್ರಮಾಣವನ್ನು ಕೊಡುತ್ತಾರೆ.

ಎರಡನೆಯ ಸುತ್ತಿನಲ್ಲಿ ಹನ್ನೆರಡನೆಯ ದಿನ ಒಂದು ಫಾಲಿಕಲ್ 14 ಮಿಲಿಮೀಟರ್ ಇದೆ ಎಂದುಕೊಳ್ಳೋಣ. ಬೆಳೆಯುತ್ತಿರುವ ಫಾಲಿಕಲ್ ದಿನಕ್ಕೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ, ಹಾಗಾಗಿ ಹದಿನೈದನೆಯ ದಿನದ ಹೊತ್ತಿಗೆ ಅದು 20ರ ಸುಮಾರಿಗೆ ಬಂದು, ಹದಿನಾರು ಅಥವಾ ಹದಿನೇಳನೆಯ ದಿನ ಒಡೆಯುವ ನಿರೀಕ್ಷೆಯಿರುತ್ತದೆ. ಹನ್ನೆರಡನೆಯ ದಿನದಿಂದ ಹದಿನೆಂಟರವರೆಗೆ ಒಂದು ದಿನ ಬಿಟ್ಟು ಒಂದು ದಿನ ಕೂಡಿದರೆ ಸಾಕು. ಗಂಟೆ ನೋಡಿ ಕೂಡಬೇಕೆಂಬ ಒತ್ತಡದಿಂದ ದಂಪತಿಗಳ ನಡುವೆ ಬೇಸರ ಹುಟ್ಟುವುದನ್ನು ಬಿಟ್ಟರೆ ಬೇರೆ ಲಾಭವಿಲ್ಲ. ಫಾಲಿಕಲ್ ಒಡೆಸುವ ಚುಚ್ಚುಮದ್ದು ಎಲ್ಲರಿಗೂ ಬೇಕಿಲ್ಲ, ಬಹಳ ಜನರಲ್ಲಿ ಅದು ತಾನಾಗಿಯೇ ಒಡೆಯುತ್ತದೆ. ಆದರೆ ಸ್ಕ್ಯಾನಿಂಗ್‌ನಲ್ಲಿ ಮೂರು ಅಥವಾ ಹೆಚ್ಚು ಫಾಲಿಕಲ್‌ಗಳು ಒಟ್ಟಿಗೆ ದೊಡ್ಡದಾಗುತ್ತಿರುವುದು ಕಂಡರೆ ಆ ತಿಂಗಳು ಪ್ರಯತ್ನ ಬೇಡವೆಂದು ವೈದ್ಯರು ಹೇಳಬಹುದು. ಅವಳಿ ತ್ರಿವಳಿ ಗರ್ಭದ ಅಪಾಯವನ್ನು ತಪ್ಪಿಸಲು ಹಾಗೆ ಹೇಳುತ್ತಾರೆ, ಆ ಮಾತನ್ನು ಕೇಳಬೇಕು.

ಅಂಡಾಣು ನಿಜವಾಗಿ ಬಿಡುಗಡೆಯಾಯಿತೇ ಎಂದು ತಿಳಿಯಲು, ಅಂಡೋತ್ಪತ್ತಿಯ ನಂತರ ಏರುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಮಾಡುತ್ತಾರೆ, ಮತ್ತು ಇಲ್ಲಿ ಆಗಾಗ ಒಂದು ಗೊಂದಲ ನುಸುಳುತ್ತದೆ. ಇದಕ್ಕೆ ಇಪ್ಪತ್ತೊಂದನೆಯ ದಿನದ ಪರೀಕ್ಷೆ ಎಂಬ ಹೆಸರು ಬಂದಿರುವುದು 28 ದಿನದ ಚಕ್ರ ಇರುವವರ ಲೆಕ್ಕದಲ್ಲಿ. ವಾಸ್ತವವಾಗಿ ಅದನ್ನು ಅಂಡೋತ್ಪತ್ತಿ ಆದ ಸುಮಾರು ಏಳು ದಿನಕ್ಕೆ ಮಾಡಬೇಕು. ನಮ್ಮ ಉದಾಹರಣೆಯಲ್ಲಿ ಅದು ಇಪ್ಪತ್ಮೂರು ಅಥವಾ ಇಪ್ಪತ್ನಾಲ್ಕನೆಯ ದಿನ ಬರುತ್ತದೆ. ಇಪ್ಪತ್ತನಾಲ್ಕರ ಬದಲು ಹದಿನೆಂಟಕ್ಕೇ ಮಾಡಿಸಿದರೆ ಒಳ್ಳೆಯ ಚಕ್ರವೂ ವಿಫಲವೆಂದು ಕಾಣುತ್ತದೆ. ಪ್ರೊಜೆಸ್ಟೆರಾನ್ ಪ್ರತಿ ಮಿಲಿಲೀಟರಿಗೆ 3 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ಅಂಡೋತ್ಪತ್ತಿ ಆಗಿದೆ ಎಂದು ತಿಳಿಯುತ್ತೇವೆ. ಆ ಚಕ್ರದಲ್ಲಿ ಗರ್ಭ ನಿಲ್ಲದಿದ್ದರೂ ಮುಂದಿನ ಬಾರಿ ಪ್ರಮಾಣವನ್ನು ಏರಿಸಬೇಕಾಗಿಲ್ಲ. ಕೆಲಸ ಮಾಡಿದ 5 ಮಿಲಿಗ್ರಾಂ ಅನ್ನೇ ಮುಂದುವರಿಸಬೇಕು. ಗರ್ಭ ನಿಂತಿಲ್ಲವೆಂಬ ಒಂದೇ ಕಾರಣಕ್ಕೆ ಮಾತ್ರೆ ಹೆಚ್ಚಿಸುವುದು ಈ ಚಿಕಿತ್ಸೆಯಲ್ಲಿ ನಾನು ಮತ್ತೆ ಮತ್ತೆ ನೋಡುವ ತಪ್ಪು. ಅಂಡೋತ್ಪತ್ತಿಯೇ ಆಗದಿದ್ದರೆ ಮಾತ್ರ 7.5 ಮಿಲಿಗ್ರಾಂಗೆ ಏರಿಸುತ್ತಾರೆ. ಅಂಡೋತ್ಪತ್ತಿ ಸರಿಯಾಗಿ ನಡೆದ ಸುಮಾರು ಆರು ಚಕ್ರಗಳ ನಂತರವೂ ಗರ್ಭವಾಗದಿದ್ದರೆ, ಅಥವಾ 7.5ರಲ್ಲಿಯೂ ಫಾಲಿಕಲ್ ಬೆಳೆಯದಿದ್ದರೆ, ಅದೇ ಮಾತ್ರೆಯಲ್ಲಿ ಕಾಲ ಕಳೆಯದೆ ಹಾರ್ಮೋನು ಚುಚ್ಚುಮದ್ದು, ಲ್ಯಾಪರೊಸ್ಕೋಪಿಯ ಮೂಲಕ ಅಂಡಾಶಯದ ಚಿಕಿತ್ಸೆ ಅಥವಾ ಐವಿಎಫ್ ಬಗ್ಗೆ ಮಾತಾಡುವ ಸಮಯ ಬಂದಿರುತ್ತದೆ.

ಇನ್ನು ಮೆಟ್‌ಫಾರ್ಮಿನ್. 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ ರಕ್ತದ ಸಕ್ಕರೆ 140ಕ್ಕಿಂತ ಕೆಳಗಿರಬೇಕು, 200 ಮುಟ್ಟಿದರೆ ಮಧುಮೇಹ; ನಿಮ್ಮ 156 ಇವೆರಡರ ನಡುವೆ ಇದೆ. ಬರಿಹೊಟ್ಟೆಯ 97 ಮಾತ್ರ ನೋಡಿದ್ದರೆ ಎಲ್ಲವೂ ಸರಿಯಿದೆ ಎಂದು ಯಾರಾದರೂ ಹೇಳಿಬಿಡುತ್ತಿದ್ದರು, ಆದ್ದರಿಂದ ಆ ಎರಡು ಗಂಟೆಯ ಪರೀಕ್ಷೆ ಮಾಡಿಸಿದವರು ನಿಮಗೆ ಉಪಕಾರ ಮಾಡಿದ್ದಾರೆ. ನಿಮ್ಮ ಎತ್ತರ ತೂಕದ ಅನುಪಾತ, ಅಂದರೆ ಬಿಎಂಐ, 27ರ ಸುಮಾರು ಇದೆ. ಭಾರತೀಯರಲ್ಲಿ ಕಡಿಮೆ ತೂಕದಲ್ಲಿಯೇ ಸಕ್ಕರೆಯ ತೊಂದರೆ ಶುರುವಾಗುವುದರಿಂದ ನಮ್ಮಲ್ಲಿ 23ರಿಂದಲೇ ಹೆಚ್ಚೆಂದೂ 25ರಿಂದ ಬೊಜ್ಜೆಂದೂ ಎಣಿಸುತ್ತೇವೆ. ಈ ಎರಡೂ ಕಾರಣಗಳಿಂದ ಮೆಟ್‌ಫಾರ್ಮಿನ್ ನಿಮಗೆ ಸೂಕ್ತ. ಅದು ಯಕೃತ್ತು ರಕ್ತಕ್ಕೆ ಸುರಿಸುವ ಸಕ್ಕರೆಯನ್ನು ತಗ್ಗಿಸುತ್ತದೆ, ಇನ್ಸುಲಿನ್ ಮಟ್ಟ ಇಳಿಯಲು ನೆರವಾಗುತ್ತದೆ, ಅದರ ಹಿಂದೆಯೇ ಅನೇಕರಲ್ಲಿ ಮುಟ್ಟು ಸ್ವಲ್ಪ ಕ್ರಮಕ್ಕೆ ಬರುತ್ತದೆ. ಆದರೆ ಇದು ವಾರದಲ್ಲಿ ಆಗುವ ಬದಲಾವಣೆಯಲ್ಲ, ಮೂರರಿಂದ ಆರು ತಿಂಗಳು ಬೇಕು. ತೂಕವನ್ನೂ ಇದು ಹೆಚ್ಚು ಇಳಿಸುವುದಿಲ್ಲ. ಅದಕ್ಕೆ ಊಟ ಮತ್ತು ನಡಿಗೆಯೇ ಮುಖ್ಯ, ನಿಮ್ಮ ಲೆಕ್ಕದಲ್ಲಿ ಮೂರೂವರೆ ಕೆ.ಜಿ. ಇಳಿದರೂ ಅಂಡಾಶಯಕ್ಕೆ ಅದು ಗೊತ್ತಾಗುತ್ತದೆ.

ಮಗುವಿಗಾಗಿ ಮೆಟ್‌ಫಾರ್ಮಿನ್ ಒಂದನ್ನೇ ನಂಬಿ ಕೂರುವುದು ಏಕೆ ಸರಿಯಲ್ಲ ಎಂಬುದಕ್ಕೂ ಉತ್ತರ ಇದೆ. 2007ರಲ್ಲಿ ಪ್ರಕಟವಾದ 626 ಮಹಿಳೆಯರ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ಮಾತ್ರ ಪಡೆದವರಲ್ಲಿ ಶೇ 7.2 ಮಂದಿಗೆ, ಕ್ಲೋಮಿಫೀನ್ ಪಡೆದವರಲ್ಲಿ ಶೇ 22.5 ಮಂದಿಗೆ ಮಗುವಾಯಿತು. ಈ ಅಂತರ ಕಂಡ ಮೇಲೆ, ಅಂಡೋತ್ಪತ್ತಿಗೆ ನೇರ ಔಷಧ ಇರುವಾಗ ಒಂದು ವರ್ಷ ಮೆಟ್‌ಫಾರ್ಮಿನ್ ನುಂಗಿ ಕಾಯಿರಿ ಎಂದು ಹೇಳಲು ನನಗೆ ಮನಸ್ಸಾಗುವುದಿಲ್ಲ. ಲೆಟ್ರೊಜೋಲ್ ಜೊತೆಗೆ ಮೆಟ್‌ಫಾರ್ಮಿನ್ ಸೇರಿಸಿದರೆ ಮಗುವಾಗುವ ಸಾಧ್ಯತೆ ಖಂಡಿತ ಏರುತ್ತದೆ ಎನ್ನಲು ಬಲವಾದ ಆಧಾರವೂ ಇಲ್ಲ. ನಿಮಗೆ ಎರಡನ್ನೂ ಹೇಳುತ್ತಿರುವುದು ಎರಡು ಬೇರೆ ಕಾರಣಕ್ಕೆ: ಒಂದು ಅಂಡಾಣುವಿಗೆ, ಇನ್ನೊಂದು ಸಕ್ಕರೆಗೆ. ಸಕ್ಕರೆ ಪೂರ್ತಿ ಸರಿಯಿದ್ದು ತೆಳ್ಳಗಿರುವ ಇನ್ನೊಬ್ಬ ಮಹಿಳೆ ಇದೇ ಪ್ರಶ್ನೆ ಕೇಳಿದ್ದರೆ ಬಹುಶಃ ನಾನು ಲೆಟ್ರೊಜೋಲ್ ಒಂದನ್ನೇ ಹೇಳುತ್ತಿದ್ದೆ.

ನಿಮ್ಮ ಹೊಟ್ಟೆ ಕೆಟ್ಟದ್ದಕ್ಕೆ ಔಷಧಕ್ಕಿಂತ ಅದನ್ನು ಶುರು ಮಾಡಿದ ರೀತಿ ಕಾರಣವಾಗಿರಬಹುದು. ಮೊದಲ ದಿನದಿಂದಲೇ 500 ಮಿಲಿಗ್ರಾಂ ಮಾತ್ರೆಯನ್ನು ಮೂರು ಹೊತ್ತು ನುಂಗಿದರೆ ಭೇದಿ, ವಾಕರಿಕೆ, ಹೊಟ್ಟೆಯುಬ್ಬರ ಬರುವುದು ಸಹಜ. ರಾತ್ರಿ ಊಟದ ಜೊತೆಗೆ, ಖಾಲಿ ಹೊಟ್ಟೆಯಲ್ಲಿ ಅಲ್ಲ, 500 ಮಿಲಿಗ್ರಾಂ ಒಂದು ಮಾತ್ರೆಯಿಂದ ಶುರು ಮಾಡಿ. ಒಂದೆರಡು ವಾರ ಹೊಟ್ಟೆ ತಡೆದುಕೊಂಡರೆ ಬೆಳಗಿನ ಊಟಕ್ಕೆ ಇನ್ನೊಂದು. ಹೀಗೆ ಒಂದು ತಿಂಗಳು ಅಥವಾ ಅದಕ್ಕೂ ಹೆಚ್ಚು ಸಮಯ ತೆಗೆದುಕೊಂಡು 1500 ಮಿಲಿಗ್ರಾಂವರೆಗೆ ಹೋಗಬಹುದು. ಯಾವ ಹಂತದಲ್ಲಿ ಹೊಟ್ಟೆ ಕೆಟ್ಟಿತೋ ಅದರ ಹಿಂದಿನ ಹಂತಕ್ಕೆ ಇಳಿದು ಇನ್ನೆರಡು ವಾರ ಕಾಯಬೇಕು, ಪೂರ್ತಿ ಬಿಡಬಾರದು. ನಿಧಾನವಾಗಿ ಕರಗುವ ಎಕ್ಸ್‌ಆರ್ ಅಥವಾ ಎಸ್‌ಆರ್ ಎಂದು ಬರೆದಿರುವ ಮಾತ್ರೆ ಹೊಟ್ಟೆಗೆ ಹೆಚ್ಚು ಹಿತ. ಅದನ್ನು ಪುಡಿ ಮಾಡಿಯೋ ಅಗಿದೋ ನುಂಗಬಾರದು. ಶುರು ಮಾಡುವ ಮುನ್ನ ಮೂತ್ರಪಿಂಡ ಸರಿಯಿದೆಯೇ ಎಂದು ಕ್ರಿಯಾಟಿನಿನ್ ಪರೀಕ್ಷೆ ಸಾಕು. ತೀವ್ರ ವಾಂತಿಭೇದಿಯಾಗಿ ದೇಹದ ನೀರು ಹೋಗಿರುವ ದಿನಗಳಲ್ಲಿ, ಮತ್ತು ರಕ್ತನಾಳಕ್ಕೆ ಬಣ್ಣದ ದ್ರವ ಕೊಟ್ಟು ಸಿಟಿ ಸ್ಕ್ಯಾನ್ ಮಾಡುವಾಗ ಇದನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಬಗ್ಗೆ ವೈದ್ಯರನ್ನು ಕೇಳಿ.

ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಇಳಿಯಬಹುದು. ನೀವು ಸಸ್ಯಾಹಾರಿಯಾಗಿದ್ದರೆ ಆ ವಿಟಮಿನ್ ಮೊದಲೇ ಕಡಿಮೆ ಇರುವ ಸಾಧ್ಯತೆ ಇದೆ. ಪಾದಗಳಲ್ಲಿ ಜೋಮು, ನಾಲಿಗೆ ಉರಿ, ಕಾರಣವಿಲ್ಲದ ಸುಸ್ತು ಬಂದರೆ ಪರೀಕ್ಷೆ ಮಾಡಿಸಿ. ಈ ಅಂಕಣವನ್ನು ಓದುತ್ತಿರುವ, ಸದ್ಯಕ್ಕೆ ಮಗು ಬೇಡವೆನ್ನುವ ಮಹಿಳೆಯರಿಗೂ ಒಂದು ಮಾತು ಹೇಳಬೇಕಾಗಿದೆ: ಮುಟ್ಟು ತಪ್ಪುತ್ತದೆ, ಆದ್ದರಿಂದ ಗರ್ಭವಾಗುವುದಿಲ್ಲ ಎಂದು ನಂಬಿರುವವರಿಗೆ ಮೆಟ್‌ಫಾರ್ಮಿನ್ ಶುರುವಾದ ಮೇಲೆ ಅಂಡೋತ್ಪತ್ತಿ ಸದ್ದಿಲ್ಲದೆ ಮರಳಬಹುದು, ಮತ್ತು ಅಂಡೋತ್ಪತ್ತಿಯು ಮುಟ್ಟಿಗಿಂತ ಎರಡು ವಾರ ಮೊದಲೇ ಆಗುತ್ತದೆ.

ಇನೋಸಿಟಾಲ್ ಬಗ್ಗೆ ನನ್ನ ಮಾತು ಚಿಕ್ಕದು. ಇದು ಸಕ್ಕರೆಯ ಹೋಲಿಕೆಯಿರುವ, ನಮ್ಮ ದೇಹವೇ ತಯಾರಿಸಿಕೊಳ್ಳುವ, ಕಾಳು ಮತ್ತು ಹಣ್ಣುಗಳಲ್ಲೂ ಇರುವ ಪದಾರ್ಥ. ಜೀವಕೋಶದೊಳಗೆ ಇನ್ಸುಲಿನ್ನಿನ ಸಂದೇಶವನ್ನು ಮುಂದೆ ಸಾಗಿಸುವ ಕೆಲಸದಲ್ಲಿ ಇದಕ್ಕೆ ಪಾತ್ರವಿದೆ. ಮಾರುಕಟ್ಟೆಯ ಪುಡಿಗಳಲ್ಲಿ ಮಯೋ ಮತ್ತು ಡಿ-ಕೈರೋ ಎಂಬ ಎರಡು ಬಗೆಗಳಿರುತ್ತವೆ. ಸಾಮಾನ್ಯ ಪ್ರಮಾಣ ಮಯೋ-ಇನೋಸಿಟಾಲ್ 2 ಗ್ರಾಂನಂತೆ ದಿನಕ್ಕೆ ಎರಡು ಬಾರಿ, ಅನೇಕ ಕಂಪನಿಗಳು ಎರಡನ್ನೂ 40ಕ್ಕೆ 1ರ ಪ್ರಮಾಣದಲ್ಲಿ ಬೆರೆಸುತ್ತವೆ. 1999ರಲ್ಲಿ 44 ಮಹಿಳೆಯರ ಒಂದು ಸಣ್ಣ ಅಧ್ಯಯನದಲ್ಲಿ ಡಿ-ಕೈರೋ ಪಡೆದ 22 ಮಂದಿಯಲ್ಲಿ 19 ಮಂದಿಗೆ ಅಂಡೋತ್ಪತ್ತಿಯಾಗಿ, ಹುಸಿ ಮಾತ್ರೆ ಪಡೆದ 22ರಲ್ಲಿ 6 ಮಂದಿಗೆ ಮಾತ್ರ ಆದಾಗ ಎಲ್ಲರಿಗೂ ದೊಡ್ಡ ಆಸೆ ಹುಟ್ಟಿತು. ಆ ಮಟ್ಟದ ಫಲ ನಂತರದ ಅಧ್ಯಯನಗಳಲ್ಲಿ ಸ್ಥಿರವಾಗಿ ನಿಲ್ಲಲಿಲ್ಲ. 2023ರ ಮಾರ್ಗಸೂಚಿಯ ಪ್ರಕಾರ ಇನೋಸಿಟಾಲಿನಿಂದ ಇನ್ಸುಲಿನ್ ಮುಂತಾದ ಚಯಾಪಚಯದ ಅಂಕಿಗಳು ಸ್ವಲ್ಪ ಸುಧಾರಿಸಬಹುದು, ಹಾನಿ ಕಡಿಮೆ, ಆದ್ದರಿಂದ ಬೇಕೆನ್ನುವವರು ತೆಗೆದುಕೊಳ್ಳಬಹುದು. ಆದರೆ ಅಂಡೋತ್ಪತ್ತಿ, ಮುಖದ ಕೂದಲು, ತೂಕ ಇವುಗಳಲ್ಲಿ ಸಿಗುವ ಪ್ರಯೋಜನ ಸೀಮಿತ, ಇಂಥ ಬಗೆ ಇಷ್ಟೇ ಪ್ರಮಾಣ ಎಂದು ಶಿಫಾರಸು ಮಾಡಲೂ ಆಧಾರ ಸಾಲದು. ಗರ್ಭಧಾರಣೆಯ ಚಿಕಿತ್ಸೆಯಾಗಿ ಅದನ್ನು ಇನ್ನೂ ಪ್ರಾಯೋಗಿಕ ಎಂದೇ ಪರಿಗಣಿಸಲಾಗಿದೆ.

ಯಾರಿಗೆ ನಾನು ಇನೋಸಿಟಾಲ್ ಬೇಡವೆನ್ನುವುದಿಲ್ಲ ಎಂದರೆ, ಸಕ್ಕರೆ ಸರಿಯಿದ್ದು ಮಗುವಿನ ಅವಸರವಿಲ್ಲದವರಿಗೆ, ಅಥವಾ ಎಷ್ಟು ನಿಧಾನವಾಗಿ ಶುರು ಮಾಡಿದರೂ ಮೆಟ್‌ಫಾರ್ಮಿನ್ ಸಹಿಸದವರಿಗೆ. ಅವರೂ ಪೊಟ್ಟಣದ ಹಿಂಬದಿಯನ್ನು ಓದಬೇಕು. ಇದನ್ನು ಔಷಧವಾಗಿ ಅಲ್ಲ, ಆಹಾರ ಪೂರಕವಾಗಿ ಮಾರುವುದರಿಂದ ಒಂದೊಂದು ಪುಡಿಯಲ್ಲಿ ಒಂದೊಂದು ಬೆರಕೆ ಇರುತ್ತದೆ: ಕ್ರೋಮಿಯಂ, ವಿಟಮಿನ್ ಡಿ, ಮೆಲಟೋನಿನ್ ಮುಂತಾದವು ಸೇರಿ ಬೆಲೆ ಏರುತ್ತದೆ, ಮಯೋ-ಇನೋಸಿಟಾಲ್ ಮಾತ್ರ 4 ಗ್ರಾಂ ತಲುಪಿರುವುದಿಲ್ಲ. ಡಿ-ಕೈರೋ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಪ್ರಚಾರವನ್ನು ನಂಬಬಾರದು. ನಿಮ್ಮ ವಿಷಯದಲ್ಲಿ ಐದು ತಿಂಗಳು ಕುಡಿದ ಮೇಲೂ ಮುಟ್ಟಿನ ಅಂತರ ಬದಲಾಗಿಲ್ಲ ಎಂದರೆ ಪ್ರಯೋಗ ಮುಗಿದಿದೆ. ಆ ಹಣದಲ್ಲಿ ವೀರ್ಯ ಪರೀಕ್ಷೆ ಮತ್ತು ಒಂದೆರಡು ಸ್ಕ್ಯಾನಿಂಗ್ ಮಾಡಿಸಿದರೆ ನಿಮ್ಮ ಗುರಿಗೆ ಹತ್ತಿರವಾಗುತ್ತೀರಿ. ಇನೋಸಿಟಾಲ್ ನಿಲ್ಲಿಸಲು ಪ್ರಮಾಣವನ್ನು ಹಂತ ಹಂತವಾಗಿ ಇಳಿಸಬೇಕಾಗಿಲ್ಲ, ಇಂದೇ ನಿಲ್ಲಿಸಬಹುದು. ಆದರೆ ಆ ಪುಡಿಯಲ್ಲಿಯೇ ಫೋಲಿಕ್ ಆಮ್ಲ ಇದ್ದಿದ್ದರೆ ಅದನ್ನು ಪ್ರತ್ಯೇಕ ಮಾತ್ರೆಯಾಗಿ ಮುಂದುವರಿಸಲು ಮರೆಯಬೇಡಿ.

ಚಿಕಿತ್ಸೆಯ ನಡುವೆ ಯಾವ ಕಾರಣಕ್ಕಾದರೂ ಕೆಲವು ತಿಂಗಳು ಬಿಡುವು ಕೊಟ್ಟರೆ, ಮುಟ್ಟಿಲ್ಲದೆ ಮೂರು ತಿಂಗಳು ಕಳೆಯಲು ಬಿಡಬೇಡಿ. ಅಂಡೋತ್ಪತ್ತಿ ಇಲ್ಲದಾಗ ಗರ್ಭಕೋಶದ ಒಳಪದರ ಪ್ರೊಜೆಸ್ಟೆರಾನ್ ಕಾಣದೆ ದಪ್ಪವಾಗುತ್ತಲೇ ಹೋಗುತ್ತದೆ, ಅದು ವರ್ಷಗಳ ನಂತರ ಕ್ಯಾನ್ಸರಿಗೂ ದಾರಿಯಾಗಬಲ್ಲದು. ಗರ್ಭ ಪರೀಕ್ಷೆ ಮಾಡಿ, ಇಲ್ಲವೆಂದು ಖಚಿತಪಡಿಸಿಕೊಂಡು, ವೈದ್ಯರು ಹೇಳಿದ ಪ್ರೊಜೆಸ್ಟಿನ್ ಮಾತ್ರೆಯಿಂದ ಮುಟ್ಟು ಬರಿಸಿಕೊಳ್ಳಬೇಕು.

ಗರ್ಭ ಪರೀಕ್ಷೆ ಧನಾತ್ಮಕವಾಗಿ ಬಂದ ದಿನ ಲೆಟ್ರೊಜೋಲಿನ ಉಳಿದ ಮಾತ್ರೆಗಳನ್ನು ಪಕ್ಕಕ್ಕಿಡಿ. ಮೆಟ್‌ಫಾರ್ಮಿನ್ನನ್ನು ಗಾಬರಿಯಿಂದ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಗರ್ಭದ ಸಕ್ಕರೆ ಕಾಯಿಲೆಯನ್ನು ಅದು ತಡೆಯುತ್ತದೆ ಎಂಬುದು ಸಾಬೀತಾಗಿಲ್ಲ, ಮುಂದುವರಿಸಬೇಕೇ ಬೇಡವೇ ಎಂಬುದು ನಿಮ್ಮ ಸಕ್ಕರೆಯನ್ನು ನೋಡಿ ನಿರ್ಧರಿಸುವ ವಿಷಯ. ನಿಮ್ಮ ಎರಡು ಗಂಟೆಯ ಅಂಕಿ ಈಗಾಗಲೇ 156 ಇರುವುದರಿಂದ ಗರ್ಭಿಣಿಯಾದ ಕೂಡಲೇ ಒಮ್ಮೆ ಗ್ಲೂಕೋಸ್ ಪರೀಕ್ಷೆ ಆಗಬೇಕು, ಆಗ ಸರಿಯಿದ್ದರೆ 24ರಿಂದ 28ನೆಯ ವಾರದ ನಡುವೆ ಮತ್ತೊಮ್ಮೆ. ಮೊದಲ ಭೇಟಿಯಲ್ಲಿಯೇ ಪಿಸಿಒಎಸ್ ಇದೆ, ಲೆಟ್ರೊಜೋಲಿನಿಂದ ಗರ್ಭವಾಯಿತು ಎಂದು ಹೇಳಿ, ಹಳೆಯ ಗ್ಲೂಕೋಸ್ ವರದಿಯನ್ನು ಜೊತೆಗೆ ಒಯ್ಯಿರಿ, ರಕ್ತದೊತ್ತಡವನ್ನು ಪ್ರತಿ ಭೇಟಿಯಲ್ಲೂ ಅಳೆಸಿಕೊಳ್ಳಿ.